ಅಪ್ಪನ ಹೆಸರಿನ ಬಾಡಿಗೆ ಮನೆಯಲ್ಲಿ ಅಮ್ಮನ ಐದು ವರ್ಷ

ಅಪ್ಪ ತೀರಿಕೊಂಡದ್ದು 2019ರ ಆಗಸ್ಟ್ 11ರಂದು. ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ, ಚಾಮರಾಜಪೇಟೆಯ ಆ ವಠಾರದ ಮಾಲೀಕರ ಮಗ ನಮ್ಮ ಮನೆಗೆ ಬಂದರು. ಅಮ್ಮ ಕಾಫಿ ಕೊಟ್ಟಳು. ಅವರು ಲೋಟ ಕೆಳಗಿಟ್ಟು, ತುಂಬ ಮೆದುವಾಗಿಯೇ ಹೇಳಿದರು: "ಅಮ್ಮಾ, ಮನೆ ಯಜಮಾನರ ಹೆಸರಿನಲ್ಲಿತ್ತು. ಅವರೇ ಹೋದ ಮೇಲೆ ಬಾಡಿಗೆಯೂ ಮುಗಿಯಿತು ಎಂದೇ ಲೆಕ್ಕ. ನಿಮಗೆ ತೊಂದರೆ ಕೊಡಬೇಕೆಂದಲ್ಲ, ದೀಪಾವಳಿಯವರೆಗೆ ಇರಿ."

ನಾವು ಆ ಮನೆಗೆ ಬಂದದ್ದು 1986ರಲ್ಲಿ. ಮುಂಗಡ ಹತ್ತು ಸಾವಿರ, ಬಾಡಿಗೆ 350 ರೂಪಾಯಿ. ಆಗ ಬರೆದ ಕರಾರು ಯಾರ ಬಳಿಯೂ ಇರಲಿಲ್ಲ. ಇದ್ದದ್ದು ಒಂದು ಉದ್ದನೆಯ ಬಾಡಿಗೆ ಪುಸ್ತಕ ಮಾತ್ರ. ಪ್ರತಿ ತಿಂಗಳೂ ಹಿರಿಯ ಮಾಲೀಕರು, ಅವರ ನಂತರ ಅವರ ಮಗ, ಅದರಲ್ಲಿ ಮೊತ್ತ ಬರೆದು ಸಹಿ ಹಾಕುತ್ತಿದ್ದರು. ಕೊನೆಯ ಸಹಿ ಜುಲೈ ತಿಂಗಳದ್ದು, 2,600 ರೂಪಾಯಿ. ಈ ಮೊತ್ತ ಕೇಳಿದವರು ನಗುತ್ತಾರೆ. ಒಂದು ಕೋಣೆ, ಒಂದು ನಡುಮನೆ, ಅಂಗಳದ ಆಚೆ ನಾಲ್ಕು ಮನೆಗಳಿಗೆ ಸೇರಿದ ಬಚ್ಚಲು ಎಂದಾಗ ನಗು ಸ್ವಲ್ಪ ಕಡಿಮೆಯಾಗುತ್ತದೆ. ಬಾಡಿಗೆ ಅಷ್ಟು ಕಡಿಮೆ ಇದ್ದದ್ದೇ ನಮ್ಮನ್ನು ಕಾಪಾಡಿತು ಎಂಬುದು ನನಗೆ ತಿಳಿದದ್ದು ಕೆಲವು ತಿಂಗಳ ನಂತರ.

ಸೆಪ್ಟೆಂಬರ್ ತಿಂಗಳ ಮೊದಲ ವಾರ ನಾನು ಬಾಡಿಗೆ ಕೊಡಲು ಹೋದೆ. ಮಾಲೀಕರ ಮಗ ಹಣ ಮುಟ್ಟಲಿಲ್ಲ. "ಇದಿರಲಿ ಬಿಡಮ್ಮ, ಈ ಕೆಲವು ತಿಂಗಳು ಬಾಡಿಗೆ ಬೇಡ," ಎಂದರು. ಔದಾರ್ಯ ಎಂದುಕೊಂಡು ಮನೆಗೆ ಬಂದು ಹೇಳಿದರೆ ಅಮ್ಮನ ಮುಖ ಕಪ್ಪಿಟ್ಟಿತು. ಅವಳು ಓದಿದ್ದು ಏಳನೆಯ ತರಗತಿ. ಆದರೆ ಮೂವತ್ತಮೂರು ವರ್ಷ ವಠಾರದಲ್ಲಿ ಬಾಳಿದವಳು. "ಬಾಡಿಗೆ ಬೇಡ ಎಂದವರು ಮನೆ ಬೇಕು ಎನ್ನುತ್ತಾರೆ," ಎಂದಳು. ಅಮ್ಮನಿಂದ ಹಣ ಪಡೆದು ಪುಸ್ತಕದಲ್ಲಿ ಸಹಿ ಹಾಕಿದರೆ ಅವಳನ್ನು ಬಾಡಿಗೆದಾರಳೆಂದು ಒಪ್ಪಿದಂತಾಗುತ್ತದೆ. ಸಹಿ ಹಾಕದೆ ಮೂರ್ನಾಲ್ಕು ತಿಂಗಳು ಕಳೆದರೆ, ಬಾಡಿಗೆ ಕೊಡದೆ ಕೂತಿದ್ದಾರೆ ಎಂದು ನಮ್ಮ ಮೇಲೆಯೇ ಹೇಳಬಹುದು. ಯಾರ ಸಲಹೆಯೂ ಇಲ್ಲದೆ ಅಮ್ಮನಿಗೆ ಇದು ಹೊಳೆದಿತ್ತು.

ಅಂಚೆ ಕಚೇರಿಯಿಂದ ಮನಿಯಾರ್ಡರ್ ಕಳುಹಿಸಲು ಹೇಳಿದವಳೂ ಅವಳೇ. 2,600 ರೂಪಾಯಿಗೆ 130 ರೂಪಾಯಿ ಕಮಿಷನ್. ಕಳುಹಿಸುವವರ ಹೆಸರಿನ ಜಾಗದಲ್ಲಿ ಅಮ್ಮನ ಹೆಸರು, ಸಂದೇಶದ ಜಾಗದಲ್ಲಿ "ಆಗಸ್ಟ್ 2019ರ ಬಾಡಿಗೆ" ಎಂದು ಬರೆದೆ. ವಾರದ ನಂತರ ಅದು "ಪಡೆಯಲು ನಿರಾಕರಿಸಿದರು" ಎಂಬ ಷರಾದೊಂದಿಗೆ ವಾಪಸು ಬಂತು. ಮುಂದಿನ ತಿಂಗಳೂ ಹಾಗೆಯೇ, ಅದರ ಮುಂದಿನ ತಿಂಗಳೂ ಹಾಗೆಯೇ. ಹಣ ತಿರುಗಿ ಬರುತ್ತದೆಂದು ಗೊತ್ತಿದ್ದೂ 130 ರೂಪಾಯಿ ಕಟ್ಟುವಾಗ ಹೊಟ್ಟೆ ಉರಿಯುತ್ತಿತ್ತು. ಆ ಮೂರು ಚೀಟಿಗಳಿಗೆ ಎಷ್ಟು ಬೆಲೆ ಬಂತೆಂದರೆ, ಈಗ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಅದನ್ನೇ: ಬಾಡಿಗೆ ತೆಗೆದುಕೊಳ್ಳದಿದ್ದರೂ ಕೊಡಲು ಹೋದದ್ದಕ್ಕೆ ಗುರುತು ಇಟ್ಟುಕೊಳ್ಳಿ.

ನವೆಂಬರ್‌ನಲ್ಲಿ ವಕೀಲರ ನೋಟೀಸು ಬಂತು. ಒಂದೂವರೆ ಪುಟ. ಬಾಡಿಗೆದಾರರ ಮರಣದೊಂದಿಗೆ ಬಾಡಿಗೆ ಕೊನೆಗೊಂಡಿದೆ, ಈಗ ಇರುವವರು ಅಕ್ರಮವಾಗಿ ಇದ್ದಾರೆ, ಮೃತರ ಮಗನಿಗೆ ಬೆಂಗಳೂರಿನಲ್ಲೇ ಸ್ವಂತ ಫ್ಲ್ಯಾಟ್ ಇದೆ, ಆದ್ದರಿಂದ ಹದಿನೈದು ದಿನಗಳೊಳಗೆ ಮನೆ ಖಾಲಿ ಮಾಡಬೇಕು, ತಪ್ಪಿದರೆ ದಿನಕ್ಕಿಷ್ಟು ನಷ್ಟ ಕಟ್ಟಿಕೊಡಬೇಕು. ಅಣ್ಣನಿಗೆ ಕೆಂಗೇರಿಯಲ್ಲಿ ಫ್ಲ್ಯಾಟ್ ಇರುವುದು ನಿಜ. ಅಪ್ಪನ ಕಾರ್ಯದ ದಿನ ಅಣ್ಣನೇ ಮಾಲೀಕರ ಮಗನನ್ನು ಗೃಹಪ್ರವೇಶಕ್ಕೆ ಕರೆಯಲಾಗದ್ದಕ್ಕೆ ಕ್ಷಮೆ ಕೇಳಿದ್ದ.

ವಕೀಲರಿಗೆ ಕೊಡಲು ನಮ್ಮಲ್ಲಿ ಹಣವಿರಲಿಲ್ಲ ಎನ್ನುವುದಕ್ಕಿಂತ, ಎಷ್ಟು ಕೇಳುತ್ತಾರೋ ಎಂಬ ಹೆದರಿಕೆ ಇತ್ತು ಎನ್ನಬೇಕು. ನಾನು ಪಾಠ ಮಾಡುವ ಶಾಲೆಯ ಹಿರಿಯ ಶಿಕ್ಷಕಿಯೊಬ್ಬರು ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲು ಹೇಳಿದರು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲಕ್ಕೆ ಹೋದೆವು. ಅಲ್ಲಿಂದ ದಾರಿ ತೋರಿಸಿದ ಮೇಲೆ ನಮಗೊಬ್ಬ ವಕೀಲೆ ಸಿಕ್ಕರು. ಐವತ್ತು ದಾಟಿದವರು, ಮಾತು ಕಡಿಮೆ. ನೋಟೀಸನ್ನು ಪಕ್ಕಕ್ಕಿಟ್ಟು ಅವರು ಕೇಳಿದ ಮೊದಲ ಪ್ರಶ್ನೆ: "ಬಾಡಿಗೆ ಎಷ್ಟು?"

2,600 ಎಂದೆ. "ಹಾಗಾದರೆ ಕೂತುಕೊಳ್ಳಿ," ಎಂದರು.

ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗಳಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಸಣ್ಣ ಊರುಗಳಲ್ಲಿ ಈ ಗೆರೆ ಇನ್ನೂ ಕೆಳಗೆ, 2,000 ರೂಪಾಯಿಗೆ. ಕಾಯ್ದೆ ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಆ ಮೊತ್ತಗಳು ಆ ಕಾಲದವು. ಇಂದು ಬೆಂಗಳೂರಿನಲ್ಲಿ 3,500 ರೂಪಾಯಿಗೆ ಬಾಡಿಗೆ ಮನೆ ಎಲ್ಲಿದೆ? ನಮ್ಮಂಥ ಹಳೆಯ ವಠಾರಗಳಲ್ಲಿ, ಹಳೆಯ ಬಾಡಿಗೆದಾರರ ಬಳಿ ಮಾತ್ರ. ನಾವು ಆ ಗೆರೆಯ ಒಳಗಿದ್ದೆವು. ಹಾಗಾಗಿ ಆ ಕಾಯ್ದೆಯ 5ನೆಯ ಕಲಮು ನಮಗೆ ಸಿಕ್ಕಿತು.

ಆ ಕಲಮನ್ನು ಅವರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಬಾಡಿಗೆದಾರ ಸತ್ತರೆ ಬಾಡಿಗೆಯ ಹಕ್ಕು ಸಾಯುವುದಿಲ್ಲ. ಸತ್ತ ದಿನದಿಂದ ಐದು ವರ್ಷಗಳವರೆಗೆ ಅದು ಮನೆಯವರಿಗೆ ಬರುತ್ತದೆ. ಆದರೆ ಎಲ್ಲರಿಗೂ ಒಟ್ಟಿಗೆ ಅಲ್ಲ, ಸಾಲಿನಲ್ಲಿ. ಮೊದಲು ಗಂಡ ಅಥವಾ ಹೆಂಡತಿ. ಅವರಿಲ್ಲದಿದ್ದರೆ ಮಗ, ಮಗಳು. ಅವರೂ ಇಲ್ಲದಿದ್ದರೆ ತಂದೆತಾಯಿ. ಕೊನೆಗೆ, ಮೊದಲೇ ತೀರಿಕೊಂಡ ಮಗನ ಹೆಂಡತಿ, ಅಂದರೆ ವಿಧವೆಯಾದ ಸೊಸೆ. ಹಕ್ಕು ಬರಬೇಕಾದರೆ ಮೂರು ವಿಷಯ ಸರಿಯಿರಬೇಕು. ಸಾಯುವ ದಿನದವರೆಗೆ ಆ ಮನೆಯಲ್ಲೇ ಅವರೊಂದಿಗೆ ವಾಸವಿರಬೇಕು. ಅವರನ್ನೇ ಅವಲಂಬಿಸಿರಬೇಕು. ಹಕ್ಕು ಕೇಳುವವರಾಗಲಿ, ಅವರ ಗಂಡ ಅಥವಾ ಹೆಂಡತಿಯಾಗಲಿ, ಅವರನ್ನು ಅವಲಂಬಿಸಿದ ಮಕ್ಕಳಾಗಲಿ ಅದೇ ಊರಿನಲ್ಲಿ ಬೇರೆ ಮನೆ ಹೊಂದಿರಬಾರದು.

"ಅಣ್ಣನ ಫ್ಲ್ಯಾಟ್?" ಎಂದು ಕೇಳಿದೆ. ನೋಟೀಸಿನ ಗಟ್ಟಿ ಏಟು ಅದೇ ಎಂದು ನಾನು ತಿಳಿದಿದ್ದೆ. ವಕೀಲೆ ಪೆನ್ಸಿಲ್ಲಿನಿಂದ "ಅವಲಂಬಿಸಿದ" ಎಂಬ ಪದದ ಕೆಳಗೆ ಎರಡು ಗೆರೆ ಎಳೆದರು. ಅಣ್ಣನಿಗೆ ನಲವತ್ತಮೂರು ವರ್ಷ, ಅವನ ಸಂಸಾರ ಅವನದು. ಅಮ್ಮನನ್ನು ಅವಲಂಬಿಸಿದ ಮಗನಲ್ಲ. ಅವನ ಮನೆ ಅಮ್ಮನ ಹಕ್ಕಿಗೆ ಅಡ್ಡ ಬರುವುದಿಲ್ಲ.

ಇನ್ನೊಂದು ಅನುಮಾನವೂ ಇತ್ತು. ಅಪ್ಪ ತೀರಿದ ಮೇಲೆ ಅಮ್ಮನಿಗೆ ಅವರ ಭವಿಷ್ಯ ನಿಧಿಯ ವಿಧವಾ ಪಿಂಚಣಿ ಶುರುವಾಗಿತ್ತು. ಕೈಯಲ್ಲಿ ಸ್ವಂತ ಹಣವಿರುವವಳು ಅವಲಂಬಿತಳು ಹೇಗಾಗುತ್ತಾಳೆ? ನೋಡಬೇಕಾದದ್ದು ಅಪ್ಪ ತೀರಿದ ದಿನದ ಸ್ಥಿತಿಯನ್ನು ಎಂದು ಅವರು ಹೇಳಿದರು. ಆ ದಿನ ಅಮ್ಮನ ಪಾಸ್ ಪುಸ್ತಕದಲ್ಲಿ ಇದ್ದದ್ದು ಗ್ಯಾಸ್ ಸಬ್ಸಿಡಿ ಮಾತ್ರ.

ಆಮೇಲೆ ನಾನು ಕೇಳಲು ಮನಸ್ಸಿಲ್ಲದಿದ್ದ ಪ್ರಶ್ನೆಗೆ ಅವರೇ ಬಂದರು. ನನಗೆ ಮದುವೆಯಾಗಿಲ್ಲ, ಹುಟ್ಟಿದಾಗಿನಿಂದ ಅದೇ ಮನೆ. ಆದರೆ ನನಗೆ ಸಂಬಳವಿದೆ. ನಾನು ಅಪ್ಪನನ್ನು ಅವಲಂಬಿಸಿದವಳಲ್ಲ. ಅಮ್ಮ ಮೊದಲೇ ತೀರಿಹೋಗಿ, ಅಪ್ಪ ಮತ್ತು ನಾನು ಮಾತ್ರ ಇದ್ದಿದ್ದರೆ ನನಗೆ ಐದು ವರ್ಷ ಸಿಗುತ್ತಿರಲಿಲ್ಲ, ಒಂದೇ ವರ್ಷ. ಜೊತೆಯಲ್ಲಿದ್ದರೂ ಅವಲಂಬಿತರಲ್ಲದವರಿಗೆ, ಅಥವಾ ಊರಿನಲ್ಲಿ ಬೇರೆ ಮನೆ ಇರುವವರಿಗೆ ಕಾಯ್ದೆ ಕೊಡುವ ಅವಧಿ ಅಷ್ಟೇ. ಈಗ ನಾನು ಅಲ್ಲಿರುವುದು ಅಮ್ಮನ ಮನೆಯವಳಾಗಿ. ಈ ಐದು ವರ್ಷದೊಳಗೆ ಅಮ್ಮನಿಗೆ ಏನಾದರೂ ಆದರೆ ಉಳಿದ ವರ್ಷಗಳು ನನಗೆ ಬರುವುದಿಲ್ಲ. ಹಕ್ಕು ಅವಳೊಬ್ಬಳದು, ಅವಳಿಂದ ಅವಳ ವಾರಸುದಾರರಿಗೆ ದಾಟುವುದಿಲ್ಲ ಎಂದು ಆ ಕಲಮಿನ ವಿವರಣೆಯಲ್ಲೇ ಇದೆ.

ಬಸ್ಸಿನಲ್ಲಿ ಬರುವಾಗ ಇದನ್ನು ಅಮ್ಮನಿಗೆ ಹೇಗೆ ಬಿಡಿಸಿ ಹೇಳುವುದೆಂದು ನಾನು ಯೋಚಿಸುತ್ತಿದ್ದೆ. ಅವಳಿಗೆ ಎಲ್ಲ ಅರ್ಥವಾಗಿತ್ತು. "ಅಂತೂ ನಾನು ಐದು ವರ್ಷ ಸಾಯುವ ಹಾಗಿಲ್ಲ," ಎಂದಳು.

ಉತ್ತರದ ನೋಟೀಸಿಗೆ ಬೇಕಾದ ಕಾಗದಗಳನ್ನು ಒಟ್ಟು ಮಾಡುವುದೇ ಒಂದು ವಾರದ ಕೆಲಸವಾಯಿತು. ಮರಣ ಪ್ರಮಾಣ ಪತ್ರ ಕೈಯಲ್ಲಿತ್ತು. ಐದು ವರ್ಷದ ಎಣಿಕೆ ಶುರುವಾಗುವುದು ಅದರಲ್ಲಿರುವ ದಿನಾಂಕದಿಂದಲೇ, ಆದ್ದರಿಂದ ಅದರಲ್ಲಿ ತಪ್ಪಿಲ್ಲವೇ ಎಂದು ವಕೀಲೆ ಎರಡು ಸಲ ನೋಡಿದರು. ಅಮ್ಮ ಅಲ್ಲೇ ವಾಸವಿದ್ದಳು ಎಂಬುದಕ್ಕೆ ಪಡಿತರ ಚೀಟಿ, ಮತದಾರರ ಗುರುತಿನ ಚೀಟಿ, ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದಾಗಿನ ಕಾಗದದಲ್ಲಿ ಅವಳ ಸಹಿಯ ಕೆಳಗಿದ್ದ ವಿಳಾಸ. ಅವಲಂಬನೆಗೆ ಅವಳ ಪಾಸ್ ಪುಸ್ತಕ. ಬಾಡಿಗೆಯ ಮೊತ್ತಕ್ಕೆ ಆ ಉದ್ದನೆಯ ಪುಸ್ತಕ. ವಿದ್ಯುತ್ ಬಿಲ್ಲು ಹಿರಿಯ ಮಾಲೀಕರ ಹೆಸರಿನಲ್ಲಿದ್ದದ್ದರಿಂದ ಅದು ಯಾವ ಉಪಯೋಗಕ್ಕೂ ಬರಲಿಲ್ಲ. ಕೊನೆಗೆ ಮೂರು ಮನಿಯಾರ್ಡರ್ ಚೀಟಿಗಳನ್ನು ಕೊಟ್ಟಾಗ ವಕೀಲೆ ಮೊದಲ ಬಾರಿಗೆ ನಕ್ಕರು. "ಇದನ್ನು ಯಾರು ಹೇಳಿಕೊಟ್ಟರು?" ಎಂದು ಕೇಳಿ, ಅಮ್ಮನ ಕಡೆಗೆ ತಿರುಗಿ, "ನಿಮಗೆ ನಾನು ಬೇಕಿರಲಿಲ್ಲ," ಎಂದರು.

ಉತ್ತರ ರಿಜಿಸ್ಟರ್ ಅಂಚೆಯಲ್ಲಿ ಹೋಯಿತು. ಹತ್ತು ದಿನ ಸದ್ದಿಲ್ಲ. ಆಮೇಲೆ ಮಾಲೀಕರ ಮಗ ಸಿಹಿ ಪೊಟ್ಟಣದೊಂದಿಗೆ ಬಂದರು. ಜಗಳ ಬೇಡ, ಅಮ್ಮನ ಹೆಸರಿಗೆ ಹೊಸ ಕರಾರು ಮಾಡೋಣ, ಹನ್ನೊಂದು ತಿಂಗಳಿಗೆ, ಬಾಡಿಗೆ 4,000 ಎಂದರು. ಆ ಹೊತ್ತಿಗೆ ನನಗೆ ಎಷ್ಟು ಸಾಕಾಗಿತ್ತೆಂದರೆ ನಾನು ಒಪ್ಪಿಯೇಬಿಡುತ್ತಿದ್ದೆ. ಅಣ್ಣನಂತೂ "ಸಹಿ ಮಾಡಿ ಮುಗಿಸು" ಎಂದ. ಛಾಪಾ ಕಾಗದದ ಕರಡನ್ನು ವಕೀಲೆಗೆ ತೋರಿಸಿದಾಗ ಅವರು ಅದನ್ನು ಓದಿ ಮಡಿಚಿ ನನ್ನ ಕೈಗೇ ಕೊಟ್ಟರು. ಇದಕ್ಕೆ ಸಹಿ ಬಿದ್ದರೆ, ಅಪ್ಪನಿಂದ ಬಂದ ಹಕ್ಕನ್ನು ಬಿಟ್ಟುಕೊಟ್ಟು ಅಮ್ಮ ಹೊಸ ಬಾಡಿಗೆದಾರಳಾಗಿ ಬಂದಿದ್ದಾಳೆ ಎಂದು ನಾಳೆ ವಾದಿಸಬಹುದು. 4,000 ಎಂದರೆ 3,500ರ ಗೆರೆಯ ಆಚೆ, ಆಗ ಬಾಡಿಗೆ ಕಾಯ್ದೆಯೇ ಅನ್ವಯಿಸುವುದಿಲ್ಲ ಎನ್ನಬಹುದು. ಹನ್ನೊಂದು ತಿಂಗಳಾದ ಮೇಲೆ ಹೊರಡಿ ಎನ್ನಬಹುದು. ಆ ವಾದ ನ್ಯಾಯಾಲಯದಲ್ಲಿ ನಿಲ್ಲುತ್ತದೆಯೋ ಬಿಡುತ್ತದೆಯೋ, ಅದಕ್ಕೆ ದಾರಿಯನ್ನೇಕೆ ಮಾಡಿಕೊಡಬೇಕು ಎಂದರು. ಸಿಹಿ ಪೊಟ್ಟಣವನ್ನು ಅಷ್ಟು ಹೊತ್ತಿಗೆ ನಾವು ತಿಂದು ಮುಗಿಸಿದ್ದೆವು.

ಗೆರೆಯ ಆಚೆ ಇರುವವರ ಪಾಡು ಹೇಗಿರುತ್ತದೆ ಎಂಬುದನ್ನು ನಾನು ನನ್ನ ಚಿಕ್ಕಮ್ಮನ ಮಗಳ ಮನೆಯಲ್ಲಿ ನೋಡಿದೆ. ಅವಳದು ವಿಜಯನಗರದಲ್ಲಿ 16,000 ರೂಪಾಯಿ ಬಾಡಿಗೆಯ ಮನೆ, ಗಂಡನ ಹೆಸರಿನಲ್ಲಿ ಹನ್ನೊಂದು ತಿಂಗಳ ಕರಾರು. ನಾಲ್ಕನೆಯ ತಿಂಗಳಲ್ಲಿ ಅವನು ಹೋಗಿಬಿಟ್ಟ. ಅಲ್ಲಿ ಬಾಡಿಗೆ ಕಾಯ್ದೆಯೂ ಇಲ್ಲ, ಅದರ 5ನೆಯ ಕಲಮೂ ಇಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ಕೈಯಲ್ಲಿರುವ ಕರಾರು, ಅಷ್ಟೇ. ಆ ಕರಾರಿನ ಮೊದಲ ಪುಟದಲ್ಲಿ, ಯಾರೂ ಓದದ ಒಂದು ಸಾಲಿತ್ತು: ಬಾಡಿಗೆದಾರ ಎಂಬ ಪದದಲ್ಲಿ ಅವರ ವಾರಸುದಾರರೂ ಸೇರಿರುತ್ತಾರೆ ಎಂದು. ಉಳಿದ ಏಳು ತಿಂಗಳು ಅವಳು ಅಲ್ಲಿರಬಹುದೆಂದು ಮಾಲೀಕರಿಗೆ ಒಪ್ಪಿಸಲು ಆ ಸಾಲು ಸಾಕಾಯಿತು. ಅವಧಿ ಮುಗಿದ ಮೇಲೆ ಹಿಡಿದುಕೊಳ್ಳಲು ಅವಳಿಗೆ ಏನೂ ಇರಲಿಲ್ಲ. ತಿಂಗಳ ಬಾಡಿಗೆಯ ಮನೆಯಾದರೆ ಹದಿನೈದು ದಿನದ ನೋಟೀಸು ಕೊಟ್ಟು ಮಾಲೀಕರು ಬಾಡಿಗೆಯನ್ನು ಕೊನೆಗೊಳಿಸಬಹುದು. ನೋಟೀಸಿನ ನಂತರವೂ ಬಲವಂತವಾಗಿ ಬೀಗ ಹಾಕುವ ಹಾಗಿಲ್ಲ, ನ್ಯಾಯಾಲಯಕ್ಕೇ ಹೋಗಬೇಕು ಎಂಬುದೊಂದೇ ಸಮಾಧಾನ. ಅವಳು ಅಷ್ಟು ದೂರ ಎಳೆಯಲಿಲ್ಲ, ಮಗುವಿನ ಪರೀಕ್ಷೆ ಮುಗಿಸಿ ತವರಿಗೆ ಹೋದಳು.

ನಮಗೂ ಐದು ವರ್ಷ ಕಲ್ಲಿನಲ್ಲಿ ಕೆತ್ತಿದ್ದಾಗಿರಲಿಲ್ಲ. ಹಕ್ಕು ಬಂದವಳು ಬಾಡಿಗೆದಾರಳೇ, ಬಾಡಿಗೆದಾರರಿಗಿಂತ ಹೆಚ್ಚಿನವಳಲ್ಲ. ಬಾಡಿಗೆ ಬಾಕಿ ಉಳಿಸಿದರೆ, ಇನ್ನೊಬ್ಬರಿಗೆ ಒಳಬಾಡಿಗೆ ಕೊಟ್ಟರೆ, ಅಥವಾ ಮಾಲೀಕರಿಗೇ ಆ ಮನೆ ನಿಜವಾಗಿ ಬೇಕಾದರೆ, ಐದು ವರ್ಷದ ಒಳಗೂ ಅವರು ಲಘು ವ್ಯಾಜ್ಯಗಳ ನ್ಯಾಯಾಲಯದಲ್ಲಿ ಖಾಲಿ ಮಾಡಿಸಲು ಅರ್ಜಿ ಹಾಕಬಹುದು. ಮಾಲೀಕರ ಮಗನಿಗೂ ಇಬ್ಬರು ಬೆಳೆದ ಗಂಡುಮಕ್ಕಳಿದ್ದರು. ಅವರೇನು ದುಷ್ಟರಲ್ಲ, ನಾಲ್ಕು ಮನೆಯಿಂದ ಒಟ್ಟು ಬರುವ ಬಾಡಿಗೆ ಅವರ ಕಾರಿನ ಕಂತಿಗೂ ಸಾಲುತ್ತಿರಲಿಲ್ಲ. ಅದಕ್ಕೇ ವಕೀಲೆ ಮೊಕದ್ದಮೆಯ ಮಾತನ್ನು ಬದಿಗಿಟ್ಟು ಒಪ್ಪಂದದ ದಾರಿ ಹಿಡಿದರು.

2020ರ ಫೆಬ್ರವರಿಯಲ್ಲಿ ಮಾಲೀಕರ ಮನೆಯ ಹಜಾರದಲ್ಲಿ ಕುಳಿತು ಒಂದು ಪುಟದ ಒಪ್ಪಿಗೆ ಪತ್ರ ಬರೆದೆವು. ಅಮ್ಮನನ್ನು ಅಪ್ಪನ ಉತ್ತರಾಧಿಕಾರಿಯಾಗಿ, 5ನೆಯ ಕಲಮಿನ ಪ್ರಕಾರ ಬಾಡಿಗೆದಾರಳೆಂದು ಒಪ್ಪಿದ್ದೇವೆ, ಇದು ಹೊಸ ಬಾಡಿಗೆ ಕರಾರು ಅಲ್ಲ ಎಂಬುದು ಮೊದಲ ಸಾಲು. ಬಾಡಿಗೆ 3,000, ರಸೀದಿ ಅಮ್ಮನ ಹೆಸರಿನಲ್ಲಿ. ವಾಪಸು ಬಂದಿದ್ದ ತಿಂಗಳುಗಳ ಬಾಡಿಗೆಯನ್ನು ಹಳೆಯ ದರದಲ್ಲಿ ಒಟ್ಟಿಗೆ ಸಂದಾಯ ಮಾಡಿದೆವು. 2024ರ ಆಗಸ್ಟ್ 10ರೊಳಗೆ ನಾವು ಮನೆ ಬಿಡುತ್ತೇವೆ, ಅಲ್ಲಿಯವರೆಗೆ ಅವರು ಕೇಳುವುದಿಲ್ಲ. ನನ್ನದೊಂದು ಕೋರಿಕೆಯನ್ನೂ ವಕೀಲೆ ಸೇರಿಸಿದರು: ಅಷ್ಟರಲ್ಲಿ ಅಮ್ಮನಿಗೆ ಏನಾದರೂ ಆದರೆ ನನಗೆ ಆರು ತಿಂಗಳ ಕಾಲಾವಕಾಶ. ಕಾಯ್ದೆ ಕೊಡದಿದ್ದ ಆ ಆರು ತಿಂಗಳನ್ನು ಕೊಟ್ಟವರು ಮಾಲೀಕರ ಮಗನ ತಾಯಿ. ಒಳಮನೆಯಿಂದ ಕೇಳಿಸಿಕೊಂಡು ಬಂದು, "ಹೆಣ್ಣುಮಗುವನ್ನು ಬೀದಿಗೆ ಹಾಕುತ್ತೀಯೇನೋ, ಬರಿ," ಎಂದು ಮಗನನ್ನು ಗದರಿದರು.

ಮರುವರ್ಷ ಮೇ ತಿಂಗಳಲ್ಲಿ ಅಮ್ಮ ಕೊರೋನಾದಿಂದ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಒಳಗೆ ಬಿಡುತ್ತಿರಲಿಲ್ಲ. ಗೇಟಿನ ಹೊರಗೆ ಕಲ್ಲಿನ ಮೇಲೆ ಕುಳಿತಿದ್ದಾಗ ಆ ಆರು ತಿಂಗಳ ಸಾಲು ನೆನಪಾಯಿತು. ಆ ಹೊತ್ತಿನಲ್ಲಿ ಅದು ನೆನಪಾದದ್ದಕ್ಕೆ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು, ಆದರೂ ನೆನಪಾಯಿತು. ಅಮ್ಮ ಮನೆಗೆ ಬಂದ ಮೇಲೆ ಮೊದಲು ಕೇಳಿದ್ದು, ಆ ತಿಂಗಳ ಬಾಡಿಗೆ ಕೊಟ್ಟೆಯಾ ಎಂದು.

ಮನೆ ಬಿಡುವಾಗ ಮುಂಗಡದ ವಿಷಯದಲ್ಲಿ ಇನ್ನೊಂದು ಸುತ್ತು ಸುತ್ತಬೇಕಾಯಿತು. ಅಮ್ಮನೇ ಬಾಡಿಗೆದಾರಳಾದ್ದರಿಂದ ಹತ್ತು ಸಾವಿರವೂ ಅವಳಿಗೇ ಬರುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಮನೆಯಲ್ಲಿರುವ ಹಕ್ಕನ್ನು ಹಂಚುವುದು ಬಾಡಿಗೆ ಕಾಯ್ದೆ. ಮುಂಗಡವಾದರೋ ಅಪ್ಪ ಬಿಟ್ಟುಹೋದ ಹಣ, ಅದು ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಮ್ಮ, ಅಣ್ಣ, ನಾನು ಮೂವರಿಗೂ ಸಮಪಾಲು. ಬಾಡಿಗೆಯಲ್ಲಿ ಯಾವ ಹಕ್ಕೂ ಇಲ್ಲದ ಅಣ್ಣನಿಗೆ ಮುಂಗಡದಲ್ಲಿ ಮೂರನೆಯ ಒಂದು ಭಾಗ! ಮಾಲೀಕರ ಮಗ ಮೂವರ ಸಹಿಯೂ ಬೇಕೆಂದರು, ಅದು ನ್ಯಾಯವೇ. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ ಕೊಟ್ಟೆವು. ಅಣ್ಣ ಕೆಂಗೇರಿಯಿಂದ ಬಂದು ಸಹಿ ಹಾಕಿ, ತನ್ನ ಪಾಲನ್ನು ಅಮ್ಮನಿಗೇ ಇರಲಿ ಎಂದ. ಮೂವತ್ತೆಂಟು ವರ್ಷದ ಹಿಂದೆ ಅಪ್ಪ ಚೀಟಿ ಎತ್ತಿ ಹೊಂದಿಸಿದ್ದ ಹತ್ತು ಸಾವಿರ, ಹತ್ತು ಸಾವಿರವಾಗಿಯೇ ಬಂತು.

ಹೊರಟದ್ದು 2024ರ ಮೇ ತಿಂಗಳಲ್ಲಿ, ಶಾಲೆಗೆ ರಜೆ ಇದ್ದಾಗ, ಗಡುವಿಗೆ ಇನ್ನೂ ಎರಡು ತಿಂಗಳಿಗೂ ಹೆಚ್ಚು ಕಾಲ ಇರುವಾಗಲೇ. ಹನುಮಂತನಗರದಲ್ಲಿ ಸಿಕ್ಕ ಮನೆಗೆ ಬಾಡಿಗೆ 14,000. ಕರಾರನ್ನು ಅಮ್ಮ ಮತ್ತು ನನ್ನ ಹೆಸರಿನಲ್ಲಿ, ಇಬ್ಬರೂ ಬಾಡಿಗೆದಾರರೆಂದು ಮಾಡಿಸಿದೆ. ಹೊಸ ಮಾಲೀಕರು "ಒಬ್ಬರ ಹೆಸರು ಸಾಕಲ್ಲ?" ಎಂದರು. ಸಾಲದು ಎಂದೆ.

ವಠಾರದ ಕೀಲಿ ಕೊಟ್ಟ ದಿನ ಮಾಲೀಕರ ಮಗ ಬಾಡಿಗೆ ಪುಸ್ತಕದಲ್ಲಿ ಕೊನೆಯ ಸಹಿ ಹಾಕಿ, ಕೆಳಗೆ "ಲೆಕ್ಕ ಚುಕ್ತಾ" ಎಂದು ಬರೆದರು. ಪುಸ್ತಕವನ್ನು ನೀವೇ ಇಟ್ಟುಕೊಳ್ಳುತ್ತೀರಾ ಎಂದು ಅಮ್ಮನನ್ನು ಕೇಳಿದರು. ಅಮ್ಮ ಅದನ್ನು ಆಗಲೇ ಚೀಲಕ್ಕೆ ಹಾಕಿಕೊಂಡಾಗಿತ್ತು.